ಬಿಲ್‌ನಲ್ಲಿ ತೆರಿಗೆ ದರ ತಪ್ಪಾಗಿದೆ: ಪಾರ್ಟಿಗೆ ಹೇಳುವುದು ಹೇಗೆ, ಸರಿಪಡಿಸುವುದು ಹೇಗೆ

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. 12 ಮತ್ತು 28 ಪರ್ಸೆಂಟ್‌ನಲ್ಲಿದ್ದ ಹೆಚ್ಚಿನ ಸರಕುಗಳು 5ಕ್ಕೋ 18ಕ್ಕೋ ಇಳಿದವು. ದೊಡ್ಡ ಕಂಪನಿಗಳ ಸಾಫ್ಟ್‌ವೇರ್ ರಾತ್ರೋರಾತ್ರಿ ಬದಲಾಯಿತು. ಸಣ್ಣ ಘಟಕಗಳಲ್ಲಿ ಹಾಗಾಗಲಿಲ್ಲ. ಸಾಫ್ಟ್‌ವೇರ್‌ನ ಸರಕು ಪಟ್ಟಿಯಾದ ಐಟಂ ಮಾಸ್ಟರ್‌ನಲ್ಲಿ ಹಳೆಯ ದರ ಹಾಗೇ ಕೂತಿತ್ತು, ಬಿಲ್ ಮಾಡುವ ಹುಡುಗ ಎಂದಿನಂತೆ ಬಟನ್ ಒತ್ತಿದ, ಬಿಲ್ ಹೊರಟಿತು. ತಪ್ಪು ಗೊತ್ತಾಗುವ ಹೊತ್ತಿಗೆ ಆ ಬಿಲ್ ಪಾರ್ಟಿಯ, ಅಂದರೆ ಸರಕು ಕೊಂಡವರ, ಪುಸ್ತಕಕ್ಕೂ ಸೇರಿತ್ತು, ಜಿಎಸ್‌ಟಿ ಪೋರ್ಟಲ್‌ಗೂ ಸೇರಿತ್ತು.

ಇಂಥ ಒಂದು ಬಿಲ್ ಹಿಡಿದು ಇಡೀ ವಿಷಯವನ್ನು ನೋಡೋಣ. ಪೀಣ್ಯದಲ್ಲಿ ರಟ್ಟಿನ ಬಾಕ್ಸ್ ಮಾಡುವ ಒಂದು ಘಟಕ ಇದೆ ಎಂದುಕೊಳ್ಳಿ. ವರ್ಷದ ವಹಿವಾಟು 3 ಕೋಟಿ. ಜಿಗಣಿಯ ಒಂದು ಬಿಡಿಭಾಗ ಕಂಪನಿ ಅವರ ಪಾರ್ಟಿ. ಸೆಪ್ಟೆಂಬರ್ 26ರಂದು 4,000 ಬಾಕ್ಸ್ ಹೋಯಿತು, ಒಂದಕ್ಕೆ 25 ರೂಪಾಯಿ, ಒಟ್ಟು 1,00,000. ರಟ್ಟಿನ ಬಾಕ್ಸ್‌ಗೆ 12 ಇದ್ದ ದರ ಅಷ್ಟೊತ್ತಿಗೆ 5 ಆಗಿತ್ತು. ಆದರೆ ಬಿಲ್‌ನಲ್ಲಿ 12 ಪರ್ಸೆಂಟ್ ಬಿತ್ತು. ಸಿಜಿಎಸ್‌ಟಿ 6,000, ಎಸ್‌ಜಿಎಸ್‌ಟಿ 6,000, ಒಟ್ಟು ಬಿಲ್ 1,12,000. ಇರಬೇಕಾಗಿದ್ದು 2,500 ಮತ್ತು 2,500, ಅಂದರೆ 1,05,000. ಹೆಚ್ಚಾಗಿದ್ದು 7,000. ಪಾವತಿಗೆ 60 ದಿನದ ಗಡುವು. ತಪ್ಪು ಕಣ್ಣಿಗೆ ಬಿದ್ದದ್ದು ನವೆಂಬರ್ 18ಕ್ಕೆ.

ಮೊದಲು ಅದು ನಿಜಕ್ಕೂ ತಪ್ಪೇ ಎಂದು ನೋಡಿ

ಪಾರ್ಟಿಗೆ ಫೋನ್ ಮಾಡುವ ಮೊದಲು ಒಂದು ಕೆಲಸ ಇದೆ. ದರ ಬದಲಾದ ದಿನದ ಆಚೀಚೆ ಮಾಡಿದ ಬಿಲ್‌ಗಳಲ್ಲಿ ಹಳೆಯ ದರ ಕಂಡರೆ ಅದೆಲ್ಲಾ ತಪ್ಪೇ ಎಂದು ಹೇಳಲಾಗದು. ಸಿಜಿಎಸ್‌ಟಿ ಕಾಯ್ದೆಯ 14ನೇ ಸೆಕ್ಷನ್ ಇದಕ್ಕೆ ಲೆಕ್ಕ ಕೊಡುತ್ತದೆ. ಅದು ಮೂರು ದಿನಾಂಕ ನೋಡುತ್ತದೆ: ಸರಕು ಹೋದ ದಿನ, ಬಿಲ್ ಮಾಡಿದ ದಿನ, ಹಣ ಬಂದ ದಿನ. ಈ ಮೂರರಲ್ಲಿ ಎರಡು ಯಾವ ಕಡೆ ಬೀಳುತ್ತವೋ ಆ ಕಡೆಯ ದರವೇ ಸರಿ. ಸೆಕ್ಷನ್‌ನಲ್ಲಿ ಇದನ್ನು ಆರು ಸಂದರ್ಭಗಳಾಗಿ ಬಿಡಿಸಿ ಬರೆದಿದ್ದಾರೆ, ಓದಲು ಕಷ್ಟ. ಆದರೆ ಆರನ್ನೂ ಹಾಕಿ ನೋಡಿದರೆ ಉತ್ತರ ಇದೇ ಬರುತ್ತದೆ.

ನಮ್ಮ ಬಿಲ್‌ನಲ್ಲಿ ಸರಕು ಹೋದದ್ದು 26ಕ್ಕೆ, ಬಿಲ್ 26ಕ್ಕೆ, ಹಣ ಇನ್ನೂ ಬಂದಿಲ್ಲ. ಎಲ್ಲವೂ 22ರ ನಂತರ. 5 ಪರ್ಸೆಂಟೇ ಸರಿ, ಅನುಮಾನವಿಲ್ಲ.

ಅದೇ ಪಾರ್ಟಿಗೆ ಸೆಪ್ಟೆಂಬರ್ 18ರಂದು ಇನ್ನೊಂದು ಲೋಡ್ ಹೋಗಿತ್ತು, ಬಿಲ್ ಕೂಡ 18ಕ್ಕೇ ಆಗಿತ್ತು, ಹಣ ಅಕ್ಟೋಬರ್‌ನಲ್ಲಿ ಬಂತು ಎಂದುಕೊಳ್ಳಿ. ಅಲ್ಲಿ ಎರಡು ದಿನಾಂಕ 22ಕ್ಕಿಂತ ಮೊದಲು. ಹಾಗಾಗಿ 12 ಪರ್ಸೆಂಟೇ ಸರಿ. ನೀವು ಒಂದು ಬಿಲ್ ತಪ್ಪಿದೆ ಎಂದು ಹೇಳಿದ ಕೂಡಲೇ ಪಾರ್ಟಿ ಈ ಹಳೆಯ ಬಿಲ್ಲನ್ನೂ ತೆಗೆದು "ಇದನ್ನೂ 5 ಮಾಡಿಕೊಡಿ" ಎನ್ನುವುದುಂಟು. ದಿನಾಂಕ ತೋರಿಸಿ ಆಗಲ್ಲ ಎನ್ನಬೇಕು. ಹಣ ತಡವಾಗಿ ಕೊಟ್ಟ ಮಾತ್ರಕ್ಕೆ ದರ ಇಳಿಯುವುದಿಲ್ಲ.

ಅದೇ ನಂಬರ್‌ನಲ್ಲಿ ಮತ್ತೆ ಪ್ರಿಂಟ್ ತೆಗೆಯುವುದು

ತಪ್ಪು ಗೊತ್ತಾದ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಒಂದಿದೆ. ಟ್ಯಾಲಿಯಲ್ಲಿ ಆ ವೋಚರ್ ತೆರೆಯುತ್ತಾರೆ, ದರ ಬದಲಾಯಿಸುತ್ತಾರೆ, ಅದೇ ನಂಬರ್, ಅದೇ ದಿನಾಂಕದಲ್ಲಿ ಹೊಸ ಪಿಡಿಎಫ್ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಮೇಲೆ "ರಿವೈಸ್ಡ್" ಎಂದು ಬರೆದೂ ಬರೆಯುತ್ತಾರೆ. ನೋಡಲು ಇದು ಪ್ರಾಮಾಣಿಕವಾಗಿಯೇ ಕಾಣುತ್ತದೆ. ಆದರೆ ಅಲ್ಲಿಂದಾಚೆಗೆ ಮೂರು ಕಡೆ ಮೂರು ಲೆಕ್ಕ ಇರುತ್ತದೆ. ನಿಮ್ಮ ಪುಸ್ತಕದಲ್ಲಿ 1,05,000, ಪೋರ್ಟಲ್‌ನಲ್ಲಿ 1,12,000. ಪಾರ್ಟಿಯ ಪುಸ್ತಕದಲ್ಲಿ ಎಷ್ಟು ಎನ್ನುವುದು ಅಲ್ಲಿನ ಅಕೌಂಟೆಂಟ್ ಯಾವ ಪಿಡಿಎಫ್ ಮೊದಲು ತೆರೆದರು ಎನ್ನುವುದರ ಮೇಲೆ ಹೋಗುತ್ತದೆ.

ಜಿಎಸ್‌ಟಿ ನಿಯಮದಲ್ಲಿ ಬಿಲ್ ನಂಬರ್ ಆ ಆರ್ಥಿಕ ವರ್ಷಕ್ಕೆ ಒಂದೇ ಇರಬೇಕು, 16 ಅಕ್ಷರ ಮೀರಬಾರದು. ಒಂದು ನಂಬರ್‌ಗೆ ಎರಡು ಕಾಗದ ಇದ್ದರೆ ಯಾವುದು ಅಸಲಿ ಎಂದು ಮುಂದೆ ಅಧಿಕಾರಿಯೂ ಕೇಳುತ್ತಾರೆ, ಪಾರ್ಟಿಯ ಆಡಿಟರೂ ಕೇಳುತ್ತಾರೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. "ರಿವೈಸ್ಡ್ ಇನ್‌ವಾಯ್ಸ್" ಎಂಬ ಕಾಗದ ಜಿಎಸ್‌ಟಿ ಕಾನೂನಿನಲ್ಲಿ ಇದೆ. ಆದರೆ ಅದು ಈ ಕೆಲಸಕ್ಕಲ್ಲ. ಹೊಸದಾಗಿ ನೋಂದಣಿ ಮಾಡಿಸಿದವರಿಗೆ ನೋಂದಣಿ ಜಾರಿಯಾದ ದಿನಕ್ಕೂ ಸರ್ಟಿಫಿಕೇಟ್ ಕೈಗೆ ಬಂದ ದಿನಕ್ಕೂ ನಡುವೆ ಕೆಲವು ದಿನ ಇರುತ್ತವೆ. ಆ ದಿನಗಳಲ್ಲಿ ತೆರಿಗೆ ಹಾಕದೆ ಮಾಡಿದ ಬಿಲ್‌ಗಳನ್ನು ಸರ್ಟಿಫಿಕೇಟ್ ಬಂದ ಒಂದು ತಿಂಗಳೊಳಗೆ ಮತ್ತೆ ಮಾಡಿಕೊಡಲು ಆ ಕಾಗದ. ಮೊತ್ತ ಅಥವಾ ದರ ತಪ್ಪಿದರೆ ಕಾನೂನು ತೋರಿಸುವ ದಾರಿ 34ನೇ ಸೆಕ್ಷನ್: ಹೆಚ್ಚು ಹಾಕಿದ್ದರೆ ಕ್ರೆಡಿಟ್ ನೋಟ್, ಕಡಿಮೆ ಹಾಕಿದ್ದರೆ ಡೆಬಿಟ್ ನೋಟ್. ಪಾರ್ಟಿ ಮಾತಿನಲ್ಲಿ ರಿವೈಸ್ಡ್ ಬಿಲ್ ಕೊಡಿ ಎಂದರೂ ಅವರಿಗೆ ಹೋಗಬೇಕಾದದ್ದು ಇದು, ಬೇಕಿದ್ದರೆ ಜೊತೆಗೆ ಹೊಸ ನಂಬರ್‌ನ ಸರಿಯಾದ ಬಿಲ್.

ಬಿಲ್ ಎಷ್ಟು ದೂರ ಹೋಗಿದೆ?

ದಾರಿ ಯಾವುದು ಎನ್ನುವುದು ಬಿಲ್ ಎಲ್ಲಿಯವರೆಗೆ ಹೋಗಿದೆ ಎನ್ನುವುದರ ಮೇಲೆ ನಿಂತಿದೆ.

ಸರಕು ಇನ್ನೂ ಗೇಟ್ ದಾಟಿಲ್ಲ, ಬಿಲ್ ಮೇಲ್‌ನಲ್ಲಿ ಮಾತ್ರ ಹೋಗಿದೆ ಎಂದರೆ ಸುಲಭ. ಆ ಬಿಲ್ ರದ್ದು ಮಾಡಿ, ಹೊಸ ನಂಬರ್‌ನಲ್ಲಿ ಸರಿಯಾದದ್ದು ಮಾಡಿ, ಹಳೆಯದನ್ನು ರದ್ದು ಎಂದು ಪಾರ್ಟಿಗೆ ಬರೆದು ತಿಳಿಸಿದರೆ ಸಾಕು. ರದ್ದಾದ ನಂಬರ್‌ಗಳ ಎಣಿಕೆಯನ್ನು ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರ ದಾಖಲೆಗಳ ಪಟ್ಟಿಯಲ್ಲಿ ತೋರಿಸಬೇಕು, ಅಷ್ಟೆ. ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಮಾಡಿದ್ದರೆ ಅದನ್ನು 24 ಗಂಟೆಯೊಳಗೆ ರದ್ದು ಮಾಡಬೇಕು. ವಹಿವಾಟು 5 ಕೋಟಿ ದಾಟಿ ಇ-ಇನ್‌ವಾಯ್ಸ್ ಕಡ್ಡಾಯವಾದವರಿಗೂ 24 ಗಂಟೆಯೇ ಗಡುವು. ಆ ನಂತರ ರದ್ದು ಇಲ್ಲ, ಕ್ರೆಡಿಟ್ ನೋಟೇ ದಾರಿ. ರದ್ದಾದ ನಂಬರನ್ನು ಇ-ಇನ್‌ವಾಯ್ಸ್ ವ್ಯವಸ್ಥೆ ಮತ್ತೆ ತೆಗೆದುಕೊಳ್ಳುವುದೂ ಇಲ್ಲ.

ಸರಕು ಆ ಬಿಲ್ ಜೊತೆಯಲ್ಲೇ ಹೋಗಿ ಇಳಿದಿದ್ದರೆ ರದ್ದು ಮಾಡುವುದು ಒಳ್ಳೆಯದಲ್ಲ. ಲಾರಿಯವನ ಕೈಯಲ್ಲಿ ಇದ್ದದ್ದು ಅದೇ ಬಿಲ್, ಇ-ವೇ ಬಿಲ್‌ನಲ್ಲಿರುವುದೂ ಅದೇ ನಂಬರ್, ಪಾರ್ಟಿಯ ಗೇಟ್ ರಿಜಿಸ್ಟರ್‌ನಲ್ಲಿ ಸೀಲ್ ಬಿದ್ದಿರುವುದೂ ಅದಕ್ಕೇ. ಸರಕು ಸಾಗಿದ್ದಕ್ಕೆ ಸಾಕ್ಷಿಯಾದ ಕಾಗದವನ್ನು ಅಳಿಸುವ ಬದಲು ಅದರ ಮೇಲೆ ಕ್ರೆಡಿಟ್ ನೋಟ್ ಕೊಡುವುದು ಸರಿಯಾದ ದಾರಿ.

ಜಿಎಸ್‌ಟಿಆರ್-1 ಸಲ್ಲಿಸಿಯಾಗಿದ್ದರೆ ಇನ್ನೊಂದು ಪ್ರಶ್ನೆ ಬರುತ್ತದೆ, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ತಪ್ಪು ಇರುವುದು ಕಾಗದದಲ್ಲೋ, ರಿಟರ್ನ್‌ನಲ್ಲೋ? ಪಾರ್ಟಿಗೆ ಕೊಟ್ಟ ಬಿಲ್‌ನಲ್ಲಿ 5 ಪರ್ಸೆಂಟ್ ಸರಿಯಾಗೇ ಇದ್ದು, ರಿಟರ್ನ್ ತುಂಬುವಾಗ 12 ಎಂದು ಬಿದ್ದಿದ್ದರೆ ನೋಟ್ ಏನೂ ಬೇಕಿಲ್ಲ. ರಿಟರ್ನ್ ತಿದ್ದಿದರೆ ಸಾಕು. ತೆರಿಗೆ ಕಟ್ಟುವ ರಿಟರ್ನ್ ಆದ ಅದೇ ತಿಂಗಳ ಜಿಎಸ್‌ಟಿಆರ್-3ಬಿ ಇನ್ನೂ ಸಲ್ಲಿಸಿಲ್ಲ ಎಂದರೆ ಜಿಎಸ್‌ಟಿಆರ್-1ಎ ಎಂಬ ಫಾರ್ಮ್‌ನಲ್ಲಿ ತಿದ್ದಬಹುದು. 2024ರ ಜುಲೈ ತಿಂಗಳ ರಿಟರ್ನ್‌ನಿಂದ ಇದು ಶುರುವಾಯಿತು, ಒಂದು ಅವಧಿಗೆ ಒಂದೇ ಸಲ ಸಲ್ಲಿಸಲು ಅವಕಾಶ. 3ಬಿ ಆಗಿಹೋಗಿದ್ದರೆ ಮುಂದಿನ ತಿಂಗಳ ಜಿಎಸ್‌ಟಿಆರ್-1ರಲ್ಲಿ ತಿದ್ದುಪಡಿ ತೋರಿಸಬೇಕು. ಆದರೆ ಕಾಗದವೇ ತಪ್ಪಿದ್ದರೆ ರಿಟರ್ನ್ ಒಂದನ್ನೇ ತಿದ್ದಿ ಕೂರುವಂತಿಲ್ಲ. ಪಾರ್ಟಿಯ ಫೈಲ್‌ನಲ್ಲಿ 12 ಎಂದು ಬರೆದ ಬಿಲ್ ಹಾಗೇ ಇರುತ್ತದೆ, ಅದನ್ನು ಸರಿ ಮಾಡುವ ಇನ್ನೊಂದು ಕಾಗದ ಅವರಿಗೆ ಬೇಕು.

ಮೊದಲು ಕೆಲವರು ಜಿಎಸ್‌ಟಿಆರ್-1ರಲ್ಲಿ ತಪ್ಪನ್ನು ಹಾಗೇ ಬಿಟ್ಟು, 3ಬಿಯಲ್ಲಿ ತೆರಿಗೆ ಅಂಕಿಯನ್ನು ಕಡಿಮೆ ಮಾಡಿ ಕಟ್ಟುತ್ತಿದ್ದರು. 2025ರ ಜುಲೈ ಅವಧಿಯಿಂದ ಆ ಕಾಲಂ ತಾನಾಗೇ ತುಂಬಿಕೊಳ್ಳುತ್ತದೆ, ಕೈಯಿಂದ ತಿದ್ದಲು ಬಿಡುವುದಿಲ್ಲ. ಆ ದಾರಿ ಮುಚ್ಚಿದೆ.

ನಮ್ಮ ಬಿಲ್ ಇದೆಲ್ಲವನ್ನೂ ದಾಟಿದೆ. ಸೆಪ್ಟೆಂಬರ್ ರಿಟರ್ನ್‌ಗಳು ಆಗಿವೆ. ಪಾರ್ಟಿಗೆ ಸಿಗುವ ಇನ್‌ಪುಟ್ ತೋರಿಸುವ ಜಿಎಸ್‌ಟಿಆರ್-2ಬಿಯಲ್ಲಿ 12,000 ಕಂಡಿದೆ, ಅವರು ಇನ್‌ಪುಟ್ ತೆಗೆದುಕೊಂಡೂ, ಅಂದರೆ ಆ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡೂ ಆಗಿದೆ. ಕ್ರೆಡಿಟ್ ನೋಟ್ ಕೊಡಲೇಬೇಕು.

ಎರಡು ವಿಧದ ಕ್ರೆಡಿಟ್ ನೋಟ್

ಒಂದು ವಿಧ, ವ್ಯತ್ಯಾಸಕ್ಕೆ ಮಾತ್ರ ನೋಟ್ ಕೊಡುವುದು. ಸಿಜಿಎಸ್‌ಟಿ 3,500, ಎಸ್‌ಜಿಎಸ್‌ಟಿ 3,500, ಒಟ್ಟು 7,000. ಸರಕಿನ ಬೆಲೆ 1,00,000 ಹಾಗೇ ನಿಲ್ಲುತ್ತದೆ. ಕಾನೂನಿಗೆ ಇದು ನೇರವಾಗಿ ಹೊಂದುತ್ತದೆ, ಯಾಕೆಂದರೆ ಬಿಲ್‌ನಲ್ಲಿ ಹಾಕಿದ ತೆರಿಗೆ ಕಟ್ಟಬೇಕಾದ್ದಕ್ಕಿಂತ ಹೆಚ್ಚಿದ್ದರೂ ಕ್ರೆಡಿಟ್ ನೋಟ್ ಕೊಡಬಹುದು ಎಂದೇ 34ನೇ ಸೆಕ್ಷನ್ ಹೇಳುತ್ತದೆ. ತೊಂದರೆ ಬರುವುದು ಸಾಫ್ಟ್‌ವೇರ್‌ನಲ್ಲಿ. ಬೆಲೆ ಇಲ್ಲದೆ ತೆರಿಗೆ ಮಾತ್ರ ಇರುವ ನೋಟ್ ಎಂದರೆ ಕೆಲವು ಪ್ಯಾಕೇಜ್‌ಗಳು ಒಪ್ಪುವುದಿಲ್ಲ. ದೊಡ್ಡ ಪಾರ್ಟಿಗಳ ಖರೀದಿ ವ್ಯವಸ್ಥೆಯೂ 5 ಪರ್ಸೆಂಟ್ ಎಂದು ಬರೆದ ಬಿಲ್ ಇಲ್ಲದೆ ಹಣ ಬಿಡುವುದಿಲ್ಲ.

ಅದಕ್ಕೇ ಎರಡನೆಯ ವಿಧ ಬಳಕೆಯಲ್ಲಿದೆ. ಹಳೆಯ ಬಿಲ್‌ನ ಪೂರ್ತಿ ಮೊತ್ತಕ್ಕೆ, ಅಂದರೆ 1,00,000 ಬೆಲೆ ಮತ್ತು 12,000 ತೆರಿಗೆಗೆ ಕ್ರೆಡಿಟ್ ನೋಟ್ ಕೊಡುವುದು. ಅದರ ಜೊತೆಗೇ 1,00,000 ಮತ್ತು 5,000 ತೆರಿಗೆಯ ಹೊಸ ಬಿಲ್ ಮಾಡುವುದು. ನಿವ್ವಳ ವ್ಯತ್ಯಾಸ ಅದೇ 7,000. ಹೊಸ ಬಿಲ್‌ನಲ್ಲಿ "ಸರಕು 26-09-2025ರ ಬಿಲ್ ನಂಬರ್ 25-26/0418ರಲ್ಲಿ ಕಳಿಸಲಾಗಿದೆ, ತೆರಿಗೆ ದರ ಸರಿಪಡಿಸಲು ಈ ಬಿಲ್" ಎಂದು ಒಂದು ಸಾಲು ಇರಲೇಬೇಕು. ಸರಕು ಮತ್ತೆ ಸಾಗುತ್ತಿಲ್ಲ, ಆದ್ದರಿಂದ ಇ-ವೇ ಬಿಲ್ ಮಾಡಬಾರದು. ಆ ಸಾಲು ಇಲ್ಲದಿದ್ದರೆ ಇನ್ನೂ 4,000 ಬಾಕ್ಸ್ ಹೋಗಿದೆ ಎಂದು ಓದಿದವರಿಗೆ ಅನಿಸುತ್ತದೆ. ಪಾರ್ಟಿಯ ಸ್ಟೋರ್ಸ್‌ನವರು ಎರಡನೇ ಸಲ ಒಳಬಂದ ಸರಕು ಎಂದು ನಮೂದಿಸಿಕೊಂಡರೆ ಅವರ ಸ್ಟಾಕ್ ಲೆಕ್ಕವೂ ಕೆಡುತ್ತದೆ.

ನನ್ನ ಅಭಿಪ್ರಾಯ ಹೇಳಬೇಕೆಂದರೆ, ಹಣ ಬಂದಾಗಿದ್ದರೆ ಮೊದಲನೆಯದು ಒಳ್ಳೆಯದು. ಒಂದೇ ಕಾಗದ, ಕೈತಪ್ಪುವುದು ಕಡಿಮೆ. ಹಣ ಇನ್ನೂ ಬರಬೇಕಿದ್ದು, ಪಾರ್ಟಿ ಸರಿಯಾದ ಬಿಲ್ ಕೇಳುತ್ತಿದ್ದರೆ ಎರಡನೆಯದು. ಆದರೆ ಎರಡನೆಯದರಲ್ಲಿ ಒಂದು ಅಪಾಯ ಇದೆ, ಅದು ಮುಂದೆ ಬರುತ್ತದೆ.

ಬೆಲೆಯ ತಪ್ಪಿಗೆ ಇಷ್ಟು ಯೋಚನೆ ಬೇಕಿಲ್ಲ. ಬಾಕ್ಸ್‌ಗೆ 25ರ ಬದಲು 27 ಎಂದು ಬಿಲ್ ಮಾಡಿದ್ದರೆ, 4,000 ಬಾಕ್ಸ್‌ಗೆ 8,000 ಮತ್ತು ಅದರ ತೆರಿಗೆ 400, ಒಟ್ಟು 8,400ಕ್ಕೆ ಒಂದು ಕ್ರೆಡಿಟ್ ನೋಟ್ ಕೊಟ್ಟರೆ ಮುಗಿಯಿತು.

ನೋಟ್‌ನಲ್ಲಿ ಇರಬೇಕಾದದ್ದು ಜಾಸ್ತಿ ಏನಿಲ್ಲ. ಇದು ಕ್ರೆಡಿಟ್ ನೋಟ್ ಎಂಬ ತಲೆಬರಹ, ತನ್ನದೇ ಕ್ರಮಸಂಖ್ಯೆ ಮತ್ತು ದಿನಾಂಕ, ಇಬ್ಬರ ಹೆಸರು, ವಿಳಾಸ, ಜಿಎಸ್‌ಟಿ ನಂಬರ್, ಮೂಲ ಬಿಲ್‌ನ ನಂಬರ್ ಮತ್ತು ದಿನಾಂಕ, ಬೆಲೆ, ದರ, ತೆರಿಗೆ, ಸಹಿ. ದಿನಾಂಕ ಈವತ್ತಿನದೇ ಹಾಕಬೇಕು. ಸೆಪ್ಟೆಂಬರ್ ತಪ್ಪು ಎಂದು ಸೆಪ್ಟೆಂಬರ್ ದಿನಾಂಕ ಹಾಕಬೇಡಿ. ನವೆಂಬರ್ 18ರ ನೋಟ್ ನವೆಂಬರ್ ತಿಂಗಳ ರಿಟರ್ನ್‌ಗೆ ಹೋಗುತ್ತದೆ.

ಪಾರ್ಟಿಗೆ ಮೊದಲೇ ಯಾಕೆ ಹೇಳಬೇಕು

ಕ್ರೆಡಿಟ್ ನೋಟ್ ಮಾಡಿ ರಿಟರ್ನ್‌ನಲ್ಲಿ ಹಾಕಿದರೆ ಕೆಲಸ ಆಯಿತು, ಪಾರ್ಟಿಗೆ ಆಮೇಲೆ ಹೇಳಿದರಾಯಿತು ಎಂದು ಮೊದಲು ನಡೆಯುತ್ತಿತ್ತು. ಈಗ ನಡೆಯುವುದಿಲ್ಲ. 2024ರ ಅಕ್ಟೋಬರ್‌ನಿಂದ ಪೋರ್ಟಲ್‌ನಲ್ಲಿ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅಂದರೆ ಐಎಂಎಸ್ ಬಂದಿದೆ. ನೀವು ಹಾಕಿದ ಪ್ರತಿ ಬಿಲ್ಲು, ಪ್ರತಿ ನೋಟು ಪಾರ್ಟಿಯ ಪರದೆಯ ಮೇಲೆ ಬರುತ್ತದೆ. ಅವರು ಒಪ್ಪಬಹುದು, ತಿರಸ್ಕರಿಸಬಹುದು, ಬಾಕಿ ಇಡಬಹುದು. ಏನೂ ಮಾಡದಿದ್ದರೆ ಒಪ್ಪಿದಂತೆ.

ಕ್ರೆಡಿಟ್ ನೋಟನ್ನು ಅವರು ತಿರಸ್ಕರಿಸಿದರೆ, ನೀವು ಕಡಿಮೆ ಮಾಡಿಕೊಂಡ ತೆರಿಗೆ ಮುಂದಿನ ಅವಧಿಯ 3ಬಿಯಲ್ಲಿ ಮತ್ತೆ ನಿಮ್ಮ ಮೇಲೆಯೇ ಬರುತ್ತದೆ. ಅಕೌಂಟ್ಸ್‌ನಲ್ಲಿ ಕೂತವರಿಗೆ ಕಾರಣ ಗೊತ್ತಿಲ್ಲದ ಕ್ರೆಡಿಟ್ ನೋಟ್ ಕಂಡರೆ ತಿರಸ್ಕರಿಸುವುದು ಸಹಜ. ಅದು ಅವರ ಇನ್‌ಪುಟ್ ಕಡಿಮೆ ಮಾಡುವ ಕಾಗದ ಅಲ್ವಾ?

ಎರಡನೆಯ ವಿಧದ ಅಪಾಯ ಇಲ್ಲೇ ಇದೆ. 12,000ದ ಕ್ರೆಡಿಟ್ ನೋಟನ್ನು ತಿರಸ್ಕರಿಸಿ, 5,000ದ ಹೊಸ ಬಿಲ್ಲನ್ನು ಒಪ್ಪಿಬಿಟ್ಟರೆ ನಿಮ್ಮ ಮೇಲೆ ಬೀಳುವುದು 17,000. ಕಟ್ಟಬೇಕಾಗಿದ್ದು 5,000. ಅವರಿಗೆ ಇನ್‌ಪುಟ್ ಹೆಚ್ಚಾಗಿ ಬಂದಿರುತ್ತದೆ, ಅದನ್ನು ಸರಿ ಮಾಡಲು ಇನ್ನೊಂದು ಸುತ್ತು ಓಡಾಟ. ಹಾಗಾಗಿ ಎರಡೂ ಕಾಗದ ಜೋಡಿ, ಒಟ್ಟಿಗೇ ಒಪ್ಪಬೇಕು ಎಂದು ಅವರಿಗೆ ಮೊದಲೇ ತಿಳಿದಿರಬೇಕು.

ಕಾನೂನು ಕೂಡ ಇದನ್ನೇ ಕೇಳುತ್ತದೆ. 34ನೇ ಸೆಕ್ಷನ್‌ಗೆ ಬಂದ ತಿದ್ದುಪಡಿ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಪಾರ್ಟಿ ಆ ಇನ್‌ಪುಟ್ ತೆಗೆದುಕೊಂಡಿದ್ದರೆ, ಅವರು ಅದನ್ನು ವಾಪಸ್ ಮಾಡಿದಾಗ ಮಾತ್ರ ನಿಮ್ಮ ತೆರಿಗೆ ಕಡಿಮೆಯಾಗುತ್ತದೆ. ಕೊಂಡವರಿಗೆ ನೋಂದಣಿ ಇಲ್ಲದಂಥ ಬೇರೆ ಸಂದರ್ಭಗಳಲ್ಲಿ ತೆರಿಗೆಯ ಹೊರೆ ಬೇರೆಯವರ ಮೇಲೆ ಉಳಿದಿದ್ದರೆ ಕಡಿಮೆಯಾಗುವುದಿಲ್ಲ. ಪಾರ್ಟಿಯಿಂದ 1,12,000 ವಸೂಲಿ ಮಾಡಿಕೊಂಡಿದ್ದರೆ, 7,000ವನ್ನು ಹಿಂದಿರುಗಿಸದೆ ಅವರು ಇನ್‌ಪುಟ್ ವಾಪಸ್ ಮಾಡಲು ಒಪ್ಪುವುದು ಕಷ್ಟ. ಕೊಡಬೇಕು, ಇಲ್ಲವೇ ಮುಂದಿನ ಬಿಲ್‌ನ ಪಾವತಿಯಲ್ಲಿ ಹೊಂದಿಸಬೇಕು.

ಹೇಳುವ ಮಾತು

ಮೊದಲು ಫೋನ್, ಆಮೇಲೆ ಮೇಲ್. ಮಾಲೀಕರಿಗೋ ಖರೀದಿ ವಿಭಾಗಕ್ಕೋ ಹೇಳಿ ಬಿಟ್ಟರೆ ಆಗದು. ಐಎಂಎಸ್ ನೋಡುವವರು ಅಕೌಂಟ್ಸ್‌ನವರು, ಅವರಿಗೇ ಮಾಡಬೇಕು. ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ.

"ಮೇಡಂ, ನಮಸ್ಕಾರ. ಸೆಪ್ಟೆಂಬರ್ 26ರ ನಮ್ಮ ಬಿಲ್‌ನಲ್ಲಿ ತೆರಿಗೆ 12 ಪರ್ಸೆಂಟ್ ಬಿದ್ದಿದೆ. 5 ಇರಬೇಕಿತ್ತು. ನೀವು ಆಗಲೇ ಇನ್‌ಪುಟ್ ತಗೊಂಡಿದ್ದೀರಾ?"

"ಹೌದು, ಸೆಪ್ಟೆಂಬರ್‌ನಲ್ಲೇ ತಗೊಂಡಿದ್ದೀವಿ. ಈಗ ವಾಪಸ್ ಮಾಡಿದ್ರೆ ನಮಗೆ ಲಾಸ್ ಆಗಲ್ವಾ?"

ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಸಿದ್ಧ ಇರಬೇಕು. ಅವರು 12,000 ಇನ್‌ಪುಟ್ ವಾಪಸ್ ಮಾಡಿ 5,000 ಹೊಸದಾಗಿ ತೆಗೆದುಕೊಂಡರೆ ಇನ್‌ಪುಟ್‌ನಲ್ಲಿ 7,000 ಕಡಿಮೆಯಾಗುತ್ತದೆ. ಆದರೆ ನಿಮಗೆ ಕೊಡಬೇಕಾದ ಹಣವೂ 1,12,000ದಿಂದ 1,05,000ಕ್ಕೆ ಇಳಿಯುತ್ತದೆ. ಆ ಕಡೆ 7,000 ಹೋದರೆ ಈ ಕಡೆ 7,000 ಉಳಿಯುತ್ತದೆ. ಇದನ್ನು ಅಂಕಿ ಇಟ್ಟು ಹೇಳಿದರೆ ಹೆಚ್ಚಿನವರು ಅಲ್ಲೇ ಒಪ್ಪುತ್ತಾರೆ.

ಆಮೇಲೆ ಅದೇ ದಿನ ಮೇಲ್ ಹೋಗಬೇಕು. ಹೀಗೆ ಬರೆದರೆ ಸಾಕು:

"ವಿಷಯ: ಬಿಲ್ 25-26/0418, 26-09-2025, ತೆರಿಗೆ ದರದ ತಪ್ಪು.

ನಮಸ್ಕಾರ. ಈ ಬಿಲ್‌ನಲ್ಲಿ ರಟ್ಟಿನ ಬಾಕ್ಸ್‌ಗೆ 5% ಬದಲು 12% ತೆರಿಗೆ ಹಾಕಿದ್ದೇವೆ. ತಪ್ಪು ನಮ್ಮದು, ಕ್ಷಮಿಸಿ. 22-09-2025ರಿಂದ ದರ ಬದಲಾದದ್ದು ನಮ್ಮ ಐಟಂ ಮಾಸ್ಟರ್‌ನಲ್ಲಿ ಸೇರಿರಲಿಲ್ಲ. ಬಿಲ್‌ನ ಮೊತ್ತ 1,12,000, ಇರಬೇಕಾದದ್ದು 1,05,000.

ಪೂರ್ತಿ ಮೊತ್ತದ ಕ್ರೆಡಿಟ್ ನೋಟ್ ಮತ್ತು ಸರಿಯಾದ ದರದ ಹೊಸ ಬಿಲ್ ಜೊತೆಗಿವೆ, ಎರಡೂ 18-11-2025ರವು. ಎರಡನ್ನೂ ನವೆಂಬರ್ ಜಿಎಸ್‌ಟಿಆರ್-1ರಲ್ಲಿ ಹಾಕುತ್ತೇವೆ. ಐಎಂಎಸ್‌ನಲ್ಲಿ ಎರಡನ್ನೂ ಒಟ್ಟಿಗೆ ಒಪ್ಪಿ, ಹಳೆಯ ಬಿಲ್‌ನ 12,000 ಇನ್‌ಪುಟ್ ವಾಪಸ್ ಮಾಡಬೇಕೆಂದು ಕೋರುತ್ತೇವೆ. ಹಳೆಯ ಬಿಲ್‌ಗೆ ಹಣ ಕಳಿಸಬೇಡಿ, ಹೊಸ ಬಿಲ್‌ನ 1,05,000 ಮಾತ್ರ ಕಳಿಸಿ. ಪಾವತಿಯ ಗಡುವು ಹಳೆಯದೇ, 25-11-2025. ಒಪ್ಪಿಗೆ ಇದ್ದರೆ ಈ ಮೇಲ್‌ಗೆ ಉತ್ತರ ಕೊಡಿ."

ಇದರಲ್ಲಿ ಗಡುವಿನ ಸಾಲನ್ನು ಬಿಡಬೇಡಿ. ಹೊಸ ಬಿಲ್‌ನ ದಿನಾಂಕ ನೋಡಿ ಪಾರ್ಟಿಯ ಸಾಫ್ಟ್‌ವೇರ್ ಅಲ್ಲಿಂದ ಮತ್ತೆ 60 ದಿನ ಎಣಿಸುತ್ತದೆ. ಸುಮ್ನೆ ಹತ್ತಿರ ಹತ್ತಿರ ಎರಡು ತಿಂಗಳು ಹಣ ತಡವಾಗುತ್ತದೆ. ಉತ್ತರ ಕೇಳುವುದೂ ಮುಖ್ಯ. ಅವರು ಇನ್‌ಪುಟ್ ವಾಪಸ್ ಮಾಡಲು ಒಪ್ಪಿದರು ಎನ್ನುವುದಕ್ಕೆ ನಿಮ್ಮ ಬಳಿ ಬರಹದಲ್ಲಿ ಇರುವುದು ಆ ಉತ್ತರವೇ.

ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಾದರೆ ಮುಂದಿನ ದಿನಾಂಕಗಳು ಹೀಗೆ ಸಾಗುತ್ತವೆ: ನವೆಂಬರ್‌ನ ಜಿಎಸ್‌ಟಿಆರ್-1ಕ್ಕೆ ಡಿಸೆಂಬರ್ 11 ಕೊನೆ, ಪಾರ್ಟಿಯ 2ಬಿ ತಯಾರಾಗುವುದು 14ಕ್ಕೆ, 3ಬಿಗೆ 20 ಕೊನೆ. 11ಕ್ಕೂ 20ಕ್ಕೂ ನಡುವೆ ಒಂದು ಫೋನ್ ಮಾಡಿ ಐಎಂಎಸ್‌ನಲ್ಲಿ ಎರಡೂ ಒಪ್ಪಿಗೆಯಾಗಿವೆಯೇ ಎಂದು ಕೇಳಿ. ಆ ಹತ್ತು ದಿನದಲ್ಲಿ ತಿರಸ್ಕಾರವನ್ನು ಬದಲಾಯಿಸುವುದು ಸುಲಭ, 3ಬಿ ಆದ ಮೇಲೆ ಕಷ್ಟ.

ಕಡಿಮೆ ಹಾಕಿದ್ದರೆ

ಉಲ್ಟಾ ತಪ್ಪು ಹೆಚ್ಚು ನೋವು ಕೊಡುತ್ತದೆ. ಅದೇ ಘಟಕ ಬಾಕ್ಸ್ ಜೊತೆಗೆ ಪ್ಲಾಸ್ಟಿಕ್ ಬಬಲ್ ರೋಲ್ ಕೂಡ ಕೊಡುತ್ತದೆ ಎಂದುಕೊಳ್ಳಿ. ಅದಕ್ಕೆ 18 ಪರ್ಸೆಂಟ್. ಬಾಕ್ಸ್‌ನ ಸಾಲಿನಲ್ಲೇ ಸೇರಿಸಿ 5 ಹಾಕಿಬಿಟ್ಟರು. ಬೆಲೆ 20,000. ಹಾಕಿದ ತೆರಿಗೆ 1,000, ಇರಬೇಕಾದದ್ದು 3,600, ಕಡಿಮೆಯಾದದ್ದು 2,600.

ಇಲ್ಲಿ ಡೆಬಿಟ್ ನೋಟ್ ಕೊಡಬೇಕು. ಸರ್ಕಾರಕ್ಕೆ 2,600 ಕಟ್ಟುವ ಹೊಣೆ ನಿಮ್ಮದೇ, ಪಾರ್ಟಿ ಕೊಡಲಿ ಬಿಡಲಿ. ಮೂಲ ಬಿಲ್‌ನ ತಿಂಗಳಲ್ಲಿ ಕಟ್ಟಬೇಕಾಗಿದ್ದ ಹಣ ತಡವಾಗಿರುವುದರಿಂದ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿಯೂ ಬೀಳುತ್ತದೆ. 60 ದಿನ ತಡವಾದರೆ 2,600ಕ್ಕೆ ಸುಮಾರು 77 ರೂಪಾಯಿ. ಬಡ್ಡಿ ಸಣ್ಣದು. ಆದರೆ ಪಾರ್ಟಿ 2,600 ಕೊಡದಿದ್ದರೆ ಅದು ನಿಮ್ಮ ಲಾಭದಿಂದಲೇ ಹೋಗುತ್ತದೆ. ಆರ್ಡರ್‌ನಲ್ಲಿ "ತೆರಿಗೆ ಪ್ರತ್ಯೇಕ" ಎಂದು ಬರೆದಿದ್ದರೆ ಕೇಳುವ ಹಕ್ಕು ಗಟ್ಟಿ. "ಎಲ್ಲಾ ಸೇರಿ ಇಷ್ಟು" ಎಂದು ಒಪ್ಪಿದ್ದರೆ ಕೇಳುವುದು ಕಷ್ಟ.

ಪಾರ್ಟಿಯ ಮನ ಒಲಿಸುವ ಮಾತು ಒಂದಿದೆ. ಅವರಿಗೆ ಆ 2,600 ಇನ್‌ಪುಟ್ ಆಗಿ ಸಿಗುತ್ತದೆ. ಹಳೆಯ ಬಿಲ್ ಅಲ್ವಾ, ಇನ್‌ಪುಟ್ ಗಡುವು ಮುಗಿದಿರಬಹುದು ಎಂದು ಅವರು ಹಿಂಜರಿದರೆ ಇದನ್ನು ಹೇಳಿ: 2021ರ ಜನವರಿ 1ರಿಂದ ಡೆಬಿಟ್ ನೋಟ್‌ಗೆ ಆ ಗಡುವನ್ನು ಲೆಕ್ಕ ಹಾಕುವುದು ನೋಟ್‌ನ ವರ್ಷದಿಂದ, ಮೂಲ ಬಿಲ್‌ನ ವರ್ಷದಿಂದ ಅಲ್ಲ.

ತೆರಿಗೆಯ ವಿಧವೇ ತಪ್ಪಿ, ರಾಜ್ಯದೊಳಗಿನ ಮಾರಾಟಕ್ಕೆ ಐಜಿಎಸ್‌ಟಿ ಹಾಕಿದ್ದರೆ ಅದು ಬೇರೆ ದಾರಿ. ಸರಿಯಾದ ತೆರಿಗೆ ಕಟ್ಟಿ, ತಪ್ಪಾಗಿ ಕಟ್ಟಿದ್ದನ್ನು ರೀಫಂಡ್ ಕೇಳಬೇಕು. ಬಡ್ಡಿ ಇಲ್ಲ. ಅದನ್ನು ಆಡಿಟರ್ ಕೈಗೆ ಕೊಡುವುದೇ ಒಳ್ಳೆಯದು.

ಗಡುವು

ಕ್ರೆಡಿಟ್ ನೋಟ್‌ಗೆ ಕೊನೆಯ ದಿನ ಇದೆ. ಮೂಲ ಬಿಲ್‌ನ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30, ಅಥವಾ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು. ನಮ್ಮ ಬಿಲ್ 2025-26ರದ್ದು, ಹಾಗಾಗಿ 2026ರ ನವೆಂಬರ್ 30. ಅಷ್ಟರೊಳಗೆ ನೋಟ್ ರಿಟರ್ನ್‌ನಲ್ಲಿ ಸೇರಿರಬೇಕು, ನೋಟ್ ಮೇಲೆ ದಿನಾಂಕ ಇದ್ದರೆ ಸಾಲದು. ದಾಟಿದರೆ ಜಿಎಸ್‌ಟಿ ಇಲ್ಲದ ಕ್ರೆಡಿಟ್ ನೋಟ್ ಕೊಟ್ಟು ಪಾರ್ಟಿಗೆ ಹಣ ಹಿಂದಿರುಗಿಸಬಹುದು. ಆದರೆ ಸರ್ಕಾರಕ್ಕೆ ಹೋದ 7,000 ಈ ದಾರಿಯಲ್ಲಿ ನಿಮಗೆ ಸಿಗುವುದಿಲ್ಲ. ಡೆಬಿಟ್ ನೋಟ್‌ಗೆ ಇಂಥ ಗಡುವಿಲ್ಲ. ಕಡಿಮೆ ಕಟ್ಟಿದ ತೆರಿಗೆಯನ್ನು ಕಟ್ಟಲು ಯಾವಾಗಲೂ ಅವಕಾಶ ಇದೆ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ.

ಎಲ್ಲ ಮುಗಿದ ಮೇಲೆ ಪಾರ್ಟಿಯಿಂದ ಅವರ ಪುಸ್ತಕದ ನಿಮ್ಮ ಲೆಡ್ಜರ್ ಪ್ರತಿ ತರಿಸಿಕೊಳ್ಳಿ. ಅಲ್ಲಿ 1,12,000 ಒಂದು ಕಡೆ, ಅದರ ಎದುರು ಕ್ರೆಡಿಟ್ ನೋಟ್ 1,12,000, ಹೊಸ ಬಿಲ್ 1,05,000, ಪಾವತಿ 1,05,000 ಕಾಣಬೇಕು. ಬಾಕಿ ಸೊನ್ನೆ. 7,000 ಎಂದು ಏನಾದರೂ ಉಳಿದಿದ್ದರೆ ಅವರು ಹಳೆಯ ಬಿಲ್ಲನ್ನೇ ಇನ್ನೂ ಹಿಡಿದುಕೊಂಡಿದ್ದಾರೆ ಎಂದರ್ಥ. ಮೂಲ ಬಿಲ್, ನೋಟ್, ಹೊಸ ಬಿಲ್, ಆ ಮೇಲ್ ಮತ್ತು ಅದರ ಉತ್ತರ, ಈ ಲೆಡ್ಜರ್, ಐದನ್ನೂ ಒಟ್ಟಿಗೆ ಪಿನ್ ಮಾಡಿ ಇಡಿ. ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ದಾಖಲೆ ಇಟ್ಟಿರಬೇಕು ಎನ್ನುವುದು ನಿಯಮ.